ಪ್ರೊಬೇಷನ್‌ನಲ್ಲೇ ರಾಜೀನಾಮೆ: ನೋಟಿಸ್ ಅವಧಿ ಮೊಟಕುಗೊಳಿಸುವ ದಾರಿಗಳು, ಒಂದೊಂದಕ್ಕೂ ತಕ್ಕ ಒಕ್ಕಣೆ

ಪ್ರೊಬೇಷನ್‌ನಲ್ಲಿರುವವರು ಬರೆಯುವ ರಾಜೀನಾಮೆ ಪತ್ರಗಳು ಹೆಚ್ಚಾಗಿ ಒಂದೇ ಕಡೆ ಎಡವುತ್ತವೆ. ಕೇಳಬೇಕಾದದ್ದನ್ನು ಘೋಷಿಸುತ್ತವೆ, ಸುಮ್ಮನೆ ತಿಳಿಸಿದರೆ ಸಾಕಾದದ್ದನ್ನು ಬೇಡಿಕೊಳ್ಳುತ್ತವೆ. ನೇಮಕಾತಿ ಪತ್ರದಲ್ಲಿ ಹದಿನೈದು ದಿನದ ನೋಟಿಸ್ ಸಾಕು ಎಂದು ಅಚ್ಚಾಗಿದ್ದರೂ "ದಯವಿಟ್ಟು ಹದಿನೈದು ದಿನಗಳಲ್ಲಿ ನನ್ನನ್ನು ಬಿಡುಗಡೆ ಮಾಡಬೇಕಾಗಿ ವಿನಂತಿ" ಎಂದು ಬರೆದು, ಇದ್ದ ಹಕ್ಕನ್ನು ತಾವೇ ಅರ್ಜಿಯ ಮಟ್ಟಕ್ಕೆ ಇಳಿಸಿಕೊಳ್ಳುವವರಿದ್ದಾರೆ. ಮೂವತ್ತು ದಿನ ಕೊಡಬೇಕಾದ ಕಡೆ "ಬರುವ ಶುಕ್ರವಾರ ನನ್ನ ಕೊನೆಯ ದಿನ" ಎಂದು ಬರೆದು, ಷರತ್ತು ಮುರಿದದ್ದಕ್ಕೆ ತಮ್ಮ ಕೈಯಾರೆ ಸಾಕ್ಷಿ ಒದಗಿಸುವವರೂ ಇದ್ದಾರೆ. ಎಚ್‌ಆರ್ ಮೇಜಿನ ಆ ಬದಿಯಲ್ಲಿ ಕೂತು ಎರಡೂ ಬಗೆಯ ಪತ್ರಗಳನ್ನು ಓದಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ಕರ್ನಾಟಕದ ಖಾಸಗಿ ಕಂಪನಿಗಳ ಕೆಲಸದ ಬಗ್ಗೆ. ಸರ್ಕಾರಿ ನೌಕರಿಯ ಪ್ರೊಬೇಷನ್‌ಗೆ ಬೇರೆಯದೇ ನಿಯಮಗಳಿವೆ, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಮೊದಲು ನೇಮಕಾತಿ ಪತ್ರದ ಒಂದು ಪುಟ

ದಾರಿ ಆರಿಸುವ ಮೊದಲು ನೇಮಕಾತಿ ಪತ್ರ ತೆರೆದು ಕೆಲಸ ಬಿಡುವ ಷರತ್ತನ್ನು ನಿಧಾನವಾಗಿ ಓದಬೇಕು. ಆಫರ್ ಲೆಟರ್ ಬೇರೆ, ಸೇರಿದ ದಿನ ಸಹಿ ಹಾಕಿದ ನೇಮಕಾತಿ ಪತ್ರ ಬೇರೆ. ಎರಡರಲ್ಲೂ ನೋಟಿಸ್ ಬಗ್ಗೆ ಬೇರೆ ಬೇರೆ ಮಾತಿದ್ದರೆ, ನಂತರ ಸಹಿಯಾದದ್ದನ್ನೇ ಕಂಪನಿ ಮುಂದಿಡುತ್ತದೆ.

ಓದುವಾಗ ನೋಡಬೇಕಾದ ಮೊದಲ ವಿಷಯ, ಪ್ರೊಬೇಷನ್ ಕಾಲದ ನೋಟಿಸ್ ಎಷ್ಟು ಎಂಬುದು. ಏಳು, ಹದಿನೈದು ಅಥವಾ ಮೂವತ್ತು ದಿನ ಸಾಮಾನ್ಯ. ಖಾಯಂ ಆದ ಮೇಲೆ ಅದು ಅರವತ್ತಕ್ಕೋ ತೊಂಬತ್ತಕ್ಕೋ ಜಿಗಿಯುತ್ತದೆ. ಕೆಲವು ಪತ್ರಗಳಲ್ಲಿ ಒಂದು ಕುತಂತ್ರ ಇರುತ್ತದೆ: ಪ್ರೊಬೇಷನ್‌ನಲ್ಲಿ ಕಂಪನಿ ನೋಟಿಸ್ ಇಲ್ಲದೆ ನಿಮ್ಮನ್ನು ತೆಗೆಯಬಹುದು ಎಂದು ಬರೆದು, ನೀವು ಬಿಡುವುದಾದರೆ ಎಷ್ಟು ದಿನ ಎಂಬುದರ ಬಗ್ಗೆ ಮೌನವಾಗಿರುತ್ತದೆ. ಹಾಗಿದ್ದರೆ ನಿಮಗೆ ನೋಟಿಸೇ ಬೇಡ ಎಂದು ತೀರ್ಮಾನಿಸಬೇಡಿ. ಪತ್ರದ ಬೇರೆಲ್ಲೋ ಇರುವ ಸಾಮಾನ್ಯ ನೋಟಿಸ್ ಷರತ್ತನ್ನು ಕಂಪನಿ ನಿಮಗೆ ಅನ್ವಯಿಸಲು ನೋಡುತ್ತದೆ.

ಎರಡನೆಯದು, ನೋಟಿಸ್‌ಗೆ ಬದಲಾಗಿ ಹಣ ಕಟ್ಟುವ ಅವಕಾಶ. "ಉಭಯ ಪಕ್ಷಗಳಲ್ಲಿ ಯಾರೇ ಆಗಲಿ ನೋಟಿಸ್ ಅಥವಾ ಅದರ ಬದಲಿಗೆ ವೇತನ ನೀಡಿ" ಎಂದಿದ್ದರೆ ಹಣ ಕಟ್ಟಿ ಹೊರಡುವ ಆಯ್ಕೆ ನಿಮ್ಮದು. ಅದರ ಹಿಂದೆಯೇ "ಆದರೆ ಇದು ಸಂಸ್ಥೆಯ ವಿವೇಚನೆಗೆ ಒಳಪಟ್ಟಿರುತ್ತದೆ" ಎಂಬ ಬಾಲ ಅಂಟಿಕೊಂಡಿದ್ದರೆ ಆಯ್ಕೆ ಅವರದು. ನೀವು ದುಡ್ಡು ಹಿಡಿದು ನಿಂತರೂ ಅವರು ಬೇಡ ಎನ್ನಬಹುದು. ಆ ವೇತನ ಎಂದರೆ ಮೂಲ ವೇತನವೋ ಪೂರ್ತಿ ಸಂಬಳವೋ ಎಂಬುದನ್ನೂ ಅಲ್ಲೇ ನೋಡಿ. ಈ ಒಂದು ಪದದಿಂದ ಎಷ್ಟು ಹಣ ಆಚೀಚೆ ಆಗುತ್ತದೆ ಎಂಬುದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ.

ಮೂರನೆಯದು ಎಲ್ಲರೂ ಮರೆಯುವ ಸಂಗತಿ: ಪ್ರೊಬೇಷನ್ ಯಾವಾಗ ಮುಗಿಯುತ್ತದೆ? ಆರು ತಿಂಗಳು ಕಳೆದ ಮಾತ್ರಕ್ಕೆ ಮುಗಿಯುತ್ತದೆಯೋ, ಲಿಖಿತವಾಗಿ ಖಾಯಂ ಮಾಡುವವರೆಗೂ ಮುಂದುವರಿಯುತ್ತದೆಯೋ? "ಲಿಖಿತ ದೃಢೀಕರಣ ಬರುವವರೆಗೆ" ಎಂದಿದ್ದರೆ ಎಂಟನೇ ತಿಂಗಳಿನಲ್ಲೂ ನೀವು ಪ್ರೊಬೇಷನ್‌ನಲ್ಲೇ ಇದ್ದೀರಿ, ಕಡಿಮೆ ನೋಟಿಸ್ ನಿಮ್ಮದೇ. ಖಾಯಂ ಪತ್ರ ಕೊಡಲು ಮರೆತ ಕಂಪನಿ, ನೀವು ಹೊರಡುವ ದಿನ ಮಾತ್ರ ನೀವು ಖಾಯಂ ನೌಕರರು ಎಂದು ನೆನಪಿಸಿಕೊಳ್ಳುವುದುಂಟು. ಆಗ ಈ ಸಾಲು ಕೈಗೆ ಬರುತ್ತದೆ.

ಒಂದು ಲೆಕ್ಕ ಹಾಕೋಣ

ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಜೂನ್ 9, ಸೋಮವಾರ ಸೇರಿದ ಯುವತಿಯೊಬ್ಬಳನ್ನು ಊಹಿಸಿಕೊಳ್ಳಿ. ಪ್ರೊಬೇಷನ್ ಆರು ತಿಂಗಳು, ಅಂದರೆ ಡಿಸೆಂಬರ್ 8ರವರೆಗೆ. ಆ ಕಾಲದಲ್ಲಿ ನೋಟಿಸ್ 30 ದಿನ, ಖಾಯಂ ಆದ ಮೇಲೆ 60 ದಿನ. ತಿಂಗಳ ಸಂಬಳ 45,000 ರೂಪಾಯಿ, ಅದರಲ್ಲಿ ಮೂಲ ವೇತನ 18,000. ನವೆಂಬರ್ 14ರ ಶುಕ್ರವಾರ ಅವಳಿಗೆ ಬೇರೆ ಕಡೆ ಕೆಲಸ ಖಚಿತವಾಗುತ್ತದೆ. ಹೊಸ ಕಂಪನಿ ಡಿಸೆಂಬರ್ 1ಕ್ಕೆ ಸೇರಬೇಕು ಎನ್ನುತ್ತದೆ.

ಅವಳು ನವೆಂಬರ್ 17, ಸೋಮವಾರ ರಾಜೀನಾಮೆ ಕೊಟ್ಟರೆ, ಮರುದಿನದಿಂದ ಎಣಿಸಿ ಮೂವತ್ತನೇ ದಿನ ಡಿಸೆಂಬರ್ 17. ಅಷ್ಟರಲ್ಲಿ ಪ್ರೊಬೇಷನ್ ಮುಗಿಯುವ 8ನೇ ತಾರೀಖು ದಾಟಿರುತ್ತದೆ. ನೋಟಿಸ್ ಎಷ್ಟು ಎಂಬುದು ಪತ್ರ ಕೊಟ್ಟ ದಿನ ಅವಳಿದ್ದ ಸ್ಥಿತಿಯಿಂದ ನಿರ್ಧಾರವಾಗಬೇಕು. ಆದರೆ 8ರಂದು ಕಂಪ್ಯೂಟರ್ ತಾನಾಗಿ ಒಂದು ಖಾಯಂ ಪತ್ರ ಹೊರಡಿಸಿಬಿಟ್ಟರೆ, "ಈಗ ನಿಮಗೆ 60 ದಿನ" ಎಂಬ ವಾದ ಹುಟ್ಟುತ್ತದೆ. ಅದಕ್ಕೇ ಪತ್ರದ ಮೊದಲ ವಾಕ್ಯದಲ್ಲೇ "ಪ್ರೊಬೇಷನ್ ಅವಧಿಯಲ್ಲಿರುವಾಗಲೇ" ಎಂಬ ಮಾತು ಬರಬೇಕು. ಅವಳು ಸಂಕೋಚದಿಂದ ಮೂರು ವಾರ ತಳ್ಳಿ ಡಿಸೆಂಬರ್ 9ಕ್ಕೆ ಪತ್ರ ಕೊಟ್ಟಿದ್ದರೆ, ಕೊನೆಯ ದಿನ ಫೆಬ್ರುವರಿ 7ಕ್ಕೆ ಹೋಗುವ ಸಾಧ್ಯತೆ ಇತ್ತು. ಪ್ರೊಬೇಷನ್ ಮುಗಿಯುವ ವಾರದಲ್ಲಿ ಕೆಲಸ ಬಿಡುವ ಯೋಚನೆಯಿದ್ದರೆ ಮೊದಲು ಪತ್ರ ಕೊಡಿ, ಬೀಳ್ಕೊಡುಗೆಯ ಮಾತು ಆಮೇಲೆ ಆಡಿ.

ಅವಳ ಮುಂದೆ ಇರುವ ದಾರಿಗಳನ್ನು ಒಂದೊಂದಾಗಿ ಹೋಲಿಸೋಣ.

ಪೂರ್ತಿ ನೋಟಿಸ್ ಮುಗಿಸುವುದು

ಡಿಸೆಂಬರ್ 17ರವರೆಗೆ ಕೆಲಸ ಮಾಡಿ ಹೊರಡುವುದು. ಕಾಸು ಕಟ್ಟಬೇಕಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ, ಬಿಡುಗಡೆ ಪತ್ರಕ್ಕೆ ತಕರಾರು ಬರುವುದಿಲ್ಲ. ಹೊಸ ಕಂಪನಿ ಎರಡೂವರೆ ವಾರ ಕಾಯಬೇಕು ಎಂಬುದೊಂದೇ ತೊಡಕು. ಅವರನ್ನು ಕೇಳಿಯೇ ನೋಡದೆ ಈ ದಾರಿಯನ್ನು ಬಿಟ್ಟುಕೊಡುವವರೇ ಹೆಚ್ಚು. "ತಕ್ಷಣ ಬೇಕು" ಎಂದ ಕಂಪನಿಗಳಲ್ಲಿ ಅನೇಕವು ಲಿಖಿತ ರಾಜೀನಾಮೆಯ ಪ್ರತಿ ತೋರಿಸಿದರೆ ಎರಡು ವಾರ ಕಾಯುತ್ತವೆ.

ಈ ದಾರಿಯಲ್ಲಿ ಪತ್ರ ತಿಳಿಸುವ ಧಾಟಿಯಲ್ಲಿರಬೇಕು. "ವಿನಂತಿ", "ಕೃಪೆ", "ಅನುಮತಿ" ಯಾವುದೂ ಬೇಡ. ಮರ್ಯಾದೆಗೆ ಕೊನೆಯಲ್ಲಿ ಒಂದು ಧನ್ಯವಾದ ಸಾಕು.

> ಮಾನ್ಯರೇ,
>
> ಪ್ರೊಬೇಷನ್ ಅವಧಿಯಲ್ಲಿರುವಾಗಲೇ ಸಲ್ಲಿಸುತ್ತಿರುವ ಈ ಪತ್ರದ ಮೂಲಕ, ಲೆಕ್ಕಪತ್ರ ಸಹಾಯಕಿ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ಜೂನ್ 9ರ ನನ್ನ ನೇಮಕಾತಿ ಪತ್ರದ ಷರತ್ತು 7ರ ಪ್ರಕಾರ ಇದು 30 ದಿನಗಳ ನೋಟಿಸ್. ನೋಟಿಸ್ ಅವಧಿ ನಾಳೆ, ನವೆಂಬರ್ 18ರಿಂದ ಆರಂಭವಾಗಿ ಡಿಸೆಂಬರ್ 17ಕ್ಕೆ ಮುಗಿಯುತ್ತದೆ. ಅದೇ ನನ್ನ ಕೊನೆಯ ಕೆಲಸದ ದಿನ.
>
> ಈ ಪತ್ರ ತಲುಪಿದ್ದನ್ನೂ ಕೊನೆಯ ದಿನವನ್ನೂ ಲಿಖಿತವಾಗಿ ಖಚಿತಪಡಿಸಬೇಕು. ಇಲ್ಲಿ ಕಲಿಯಲು ಸಿಕ್ಕ ಅವಕಾಶಕ್ಕೆ ಧನ್ಯವಾದಗಳು.

ಷರತ್ತಿನ ಸಂಖ್ಯೆ ನಿಮ್ಮ ಪತ್ರದಲ್ಲಿ ಏನಿದೆಯೋ ಅದನ್ನು ಹಾಕಿ. ಆ ಸಂಖ್ಯೆ ಕಂಡ ಕೂಡಲೇ ಓದುವವರ ಕೈ ಫೈಲಿನತ್ತ ಹೋಗುತ್ತದೆ, ಬಾಯಿಮಾತಿನ ವಾದ ಅರ್ಧಕ್ಕೆ ನಿಲ್ಲುತ್ತದೆ. ಕೊನೆಯ ದಿನವನ್ನು ತಾರೀಖಾಗಿಯೇ ಬರೆಯಬೇಕು. "ಮೂವತ್ತು ದಿನಗಳ ನಂತರ" ಎಂದಷ್ಟೇ ಬರೆದರೆ ಮೂವತ್ತು ಎಲ್ಲಿಂದ ಎಣಿಸುವುದು, ಭಾನುವಾರ ಲೆಕ್ಕಕ್ಕಿದೆಯೇ ಎಂಬ ಚರ್ಚೆ ಶುರುವಾಗುತ್ತದೆ. ಪತ್ರದಲ್ಲಿ ಬರೀ "ದಿನ" ಎಂದಿದ್ದರೆ ರಜೆಗಳೂ ಸೇರುತ್ತವೆ ಎಂದೇ ಹಿಡಿಯುವುದು ವಾಡಿಕೆ. "ಕೆಲಸದ ದಿನ" ಎಂದು ಸ್ಪಷ್ಟವಾಗಿದ್ದರೆ ಮಾತ್ರ ಬೇರೆ ಲೆಕ್ಕ.

ಇನ್ನೊಂದು ಅಪಾಯವೂ ಉಂಟು. ನೋಟಿಸ್ ಕೊಟ್ಟ ಸಂಜೆಯೇ "ನಾಳೆಯಿಂದ ಬರಬೇಡಿ" ಎನ್ನುವ ಕಂಪನಿಗಳಿವೆ. ಒಂದು ತಿಂಗಳ ಸಂಬಳ ನೆಚ್ಚಿಕೊಂಡವರಿಗೆ ಅದು ಪೆಟ್ಟು. ಕೊನೆಯ ದಿನ ತಾರೀಖಾಗಿ ಪತ್ರದಲ್ಲಿದ್ದರೆ, ಅದಕ್ಕೆ ಮೊದಲೇ ಕಳಿಸಿದ್ದು ಅವರ ನಿರ್ಧಾರ ಎಂಬುದು ದಾಖಲೆಯಾಗುತ್ತದೆ. ಉಳಿದ ದಿನಗಳ ವೇತನ ಕೇಳಲು ಅದೇ ಆಧಾರ.

ಅವಧಿ ಕಡಿಮೆ ಮಾಡಿ ಎಂದು ಕೇಳುವುದು

ಹಣವಿಲ್ಲದೆ, ಬರೀ ಒಪ್ಪಿಗೆಯ ಮೇಲೆ ಬೇಗ ಹೊರಡುವುದು. ಪ್ರೊಬೇಷನ್‌ನಲ್ಲಿ ಇದು ಊಹಿಸಿದಷ್ಟು ಕಷ್ಟವಲ್ಲ. ಐದು ತಿಂಗಳ ನೌಕರರ ಮೇಲೆ ತಂಡದ ಭಾರ ಪೂರ್ತಿ ಬಿದ್ದಿರುವುದಿಲ್ಲ, ಹೊರಡಲು ಮನಸ್ಸು ಮಾಡಿದವರನ್ನು ಕೂಡಿಸಿಕೊಂಡು ಸಂಬಳ ಕೊಡುವುದು ಮ್ಯಾನೇಜರ್‌ಗೂ ಇಷ್ಟವಿರುವುದಿಲ್ಲ. ಆದರೆ ಒಪ್ಪಿಗೆ ಸಿಗುವುದು ನಿಮ್ಮ ಅವಸರ ಕೇಳಿ ಅಲ್ಲ, ಅವರ ಚಿಂತೆ ಕಡಿಮೆಯಾದಾಗ.

ನಮ್ಮ ಉದಾಹರಣೆಯ ಯುವತಿಯ ಮ್ಯಾನೇಜರ್‌ಗೆ ಏನು ಚಿಂತೆ? ಪ್ರತಿ ತಿಂಗಳ 20ಕ್ಕೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ನವೆಂಬರ್ ಸಂಬಳದ ಟಿಡಿಎಸ್ ಡಿಸೆಂಬರ್ 7ರೊಳಗೆ ಕಟ್ಟಬೇಕು. ಅವಳು ನವೆಂಬರ್ 28ಕ್ಕೆ ಹೊರಟರೆ ತಿಂಗಳ ಕೊನೆಯ ಲೆಕ್ಕ ಮುಗಿಸುವ ಗಡಿಬಿಡಿ ಪೂರ್ತಿ ಬೇರೆಯವರ ತಲೆಗೆ. ಡಿಸೆಂಬರ್ 5ರ ಶುಕ್ರವಾರದವರೆಗೆ ಇದ್ದರೆ ಆ ಎರಡೂ ಕೆಲಸ ಅವಳ ಕೈಯಲ್ಲೇ ಮುಗಿಯುತ್ತವೆ. ಆದ್ದರಿಂದ 28 ಕೇಳುವುದಕ್ಕಿಂತ 5 ಕೇಳಿ, ಹೊಸ ಕಂಪನಿಯಿಂದ ಒಂದೇ ವಾರ, ಡಿಸೆಂಬರ್ 8ರವರೆಗೆ ಸಮಯ ತೆಗೆದುಕೊಳ್ಳುವುದು ಜಾಣತನ. ಕೇಳುವ ತಾರೀಖು ಅವರ ಕೆಲಸದ ಪಂಚಾಂಗಕ್ಕೆ ಹೊಂದಿದರೆ ಅರ್ಧ ಒಪ್ಪಿಗೆ ಸಿಕ್ಕಂತೆ.

ಒಕ್ಕಣೆಯ ಸೂಕ್ಷ್ಮ ಇರುವುದು ಇಲ್ಲೇ. ರಾಜೀನಾಮೆಯನ್ನೂ ವಿನಂತಿಯನ್ನೂ ಒಂದೇ ವಾಕ್ಯದಲ್ಲಿ ಹೆಣೆಯಬಾರದು. "ಡಿಸೆಂಬರ್ 5ಕ್ಕೆ ಬಿಡುಗಡೆ ಮಾಡುವುದಾದರೆ ರಾಜೀನಾಮೆ ನೀಡುತ್ತೇನೆ" ಎಂಬುದು ರಾಜೀನಾಮೆಯೇ ಅಲ್ಲ. ಅವರು ಉತ್ತರಿಸದೆ ಹತ್ತು ದಿನ ಸುಮ್ಮನಿದ್ದರೆ ನಿಮ್ಮ ನೋಟಿಸ್ ಆರಂಭವೇ ಆಗಿಲ್ಲ ಎನ್ನಬಹುದು. ಮೊದಲ ಪ್ಯಾರಾದಲ್ಲಿ ಪೂರ್ತಿ ನೋಟಿಸ್‌ನ ರಾಜೀನಾಮೆ ಗಟ್ಟಿಯಾಗಿ ನಿಲ್ಲಲಿ. ಎರಡನೆಯದರಲ್ಲಿ ವಿನಂತಿ ಬೇರೆಯಾಗಿ ಬರಲಿ. ವಿನಂತಿ ಬಿದ್ದುಹೋದರೂ ಮೊದಲ ಪ್ಯಾರಾ ಉಳಿಯುತ್ತದೆ.

> ಪ್ರೊಬೇಷನ್ ಅವಧಿಯಲ್ಲಿರುವಾಗಲೇ ಸಲ್ಲಿಸುತ್ತಿರುವ ಈ ಪತ್ರದ ಮೂಲಕ ರಾಜೀನಾಮೆ ನೀಡುತ್ತಿದ್ದೇನೆ. ಷರತ್ತು 7ರ ಪ್ರಕಾರದ 30 ದಿನಗಳ ನೋಟಿಸ್ ಡಿಸೆಂಬರ್ 17ಕ್ಕೆ ಮುಗಿಯುತ್ತದೆ.
>
> ಸಾಧ್ಯವಾದರೆ ಡಿಸೆಂಬರ್ 5ರಂದೇ ನನ್ನನ್ನು ಬಿಡುಗಡೆ ಮಾಡಿ, ಉಳಿದ 12 ದಿನಗಳ ನೋಟಿಸ್ ಮನ್ನಾ ಮಾಡಬೇಕೆಂದು ವಿನಂತಿಸುತ್ತೇನೆ. ನವೆಂಬರ್ 20ರ ಜಿಎಸ್‌ಟಿಆರ್-3ಬಿ ನಾನೇ ಸಲ್ಲಿಸುತ್ತೇನೆ. ನವೆಂಬರ್ ತಿಂಗಳ ಟಿಡಿಎಸ್ ಚಲನ್ ಅನ್ನು ಡಿಸೆಂಬರ್ 4ರೊಳಗೆ ಸಿದ್ಧಪಡಿಸುತ್ತೇನೆ. ಬಾಕಿ ಇರುವ ಮಾರಾಟಗಾರರ ಖಾತೆಗಳ ಪಟ್ಟಿಯನ್ನು ಸಹೋದ್ಯೋಗಿಗೆ ವಹಿಸಿಕೊಡುತ್ತೇನೆ.
>
> ನವೆಂಬರ್ 21ರೊಳಗೆ ತಮ್ಮ ನಿರ್ಧಾರ ತಿಳಿಸಿದರೆ ಕೆಲಸ ಹಸ್ತಾಂತರಿಸಲು ಅನುಕೂಲವಾಗುತ್ತದೆ.

"ಮನ್ನಾ" ಎಂಬ ಪದ ಇರಲೇಬೇಕು. "ಬೇಗ ಬಿಡುಗಡೆ ಮಾಡಿ" ಎಂದಷ್ಟೇ ಕೇಳಿ, ಅವರು "ಸರಿ" ಎಂದು ಉತ್ತರಿಸಿ, ಕೊನೆಯ ಲೆಕ್ಕದಲ್ಲಿ ಹನ್ನೆರಡು ದಿನದ ಸಂಬಳ ಕಡಿತವಾಗಿ ಬಂದ ಪ್ರಕರಣಗಳನ್ನು ಕಂಡಿದ್ದೇನೆ. ಬೇಗ ಬಿಡುವುದಕ್ಕೆ ಒಪ್ಪಿದ್ದೇವೆಯೇ ಹೊರತು ಹಣ ಬಿಟ್ಟುಕೊಡಲು ಅಲ್ಲ ಎಂಬುದು ಅವರ ಉತ್ತರ. ತಾಂತ್ರಿಕವಾಗಿ ಅವರು ಹೇಳುವುದು ಸರಿಯೇ.

ಹಣ ಕಟ್ಟಿ ಹೊರಡುವುದು

ಕಚೇರಿಯ ಭಾಷೆಯಲ್ಲಿ ಬೈಔಟ್. ಸೇವೆ ಸಲ್ಲಿಸದ ದಿನಗಳಿಗೆ ವೇತನದ ಲೆಕ್ಕದಲ್ಲಿ ಹಣ ಕೊಟ್ಟು ಬಿಡುಗಡೆ ಪಡೆಯುವುದು. ಯುವತಿ ನವೆಂಬರ್ 28ಕ್ಕೇ ಹೊರಡಬೇಕೆಂದರೆ ನೋಟಿಸ್‌ನಲ್ಲಿ 11 ದಿನ ಕೆಲಸ ಮಾಡಿದಂತಾಗುತ್ತದೆ, 19 ದಿನ ಕೊರತೆ. ಷರತ್ತಿನಲ್ಲಿ ಮೂಲ ವೇತನ ಎಂದಿದ್ದರೆ ದಿನಕ್ಕೆ 600 ರೂಪಾಯಿಯಂತೆ 11,400. ಪೂರ್ತಿ ಸಂಬಳ ಎಂದಿದ್ದರೆ ದಿನಕ್ಕೆ 1,500ರಂತೆ 28,500. ಒಂದೇ ಪದದಿಂದ 17,100 ರೂಪಾಯಿ ವ್ಯತ್ಯಾಸ. ಅದೇ ಡಿಸೆಂಬರ್ 5ಕ್ಕೆ ಹೊರಟರೆ ಕೊರತೆ 12 ದಿನ. ಮೂಲ ವೇತನದ ಲೆಕ್ಕದಲ್ಲಿ 7,200, ಪೂರ್ತಿ ಸಂಬಳದ ಲೆಕ್ಕದಲ್ಲಿ 18,000.

ಹೀಗೆ ನೋಡಿದರೆ ಆಯ್ಕೆ ಸುಲಭವಾಗುತ್ತದೆ. ಮೂಲ ವೇತನದ ಲೆಕ್ಕವಾದರೆ ಬೈಔಟ್ ಅಗ್ಗ, ಹೊಸ ಸಂಬಳದ ಮೊದಲ ತಿಂಗಳಲ್ಲೇ ಸರಿದೂಗುತ್ತದೆ. ಪೂರ್ತಿ ಸಂಬಳದ ಲೆಕ್ಕವಾದರೆ, ಹೊಸ ಕಂಪನಿಯನ್ನು ಒಂದು ವಾರ ಕಾಯಿಸುವುದರಿಂದ 10,500 ರೂಪಾಯಿ ಉಳಿಯುತ್ತದೆ, ಜೊತೆಗೆ ಆ ವಾರದ ಸಂಬಳವೂ ಇಲ್ಲಿಂದಲೇ ಬರುತ್ತದೆ. ಹೊಸ ಕಂಪನಿಯೇ ಬೈಔಟ್ ಹಣ ಮರುಪಾವತಿ ಮಾಡುತ್ತೇವೆ ಎಂದರೆ ಅದನ್ನು ಅವರ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಅದನ್ನು ಸಂಬಳಕ್ಕೆ ಸೇರಿಸಿ ತೆರಿಗೆ ಹಿಡಿಯುವುದು ವಾಡಿಕೆ, ಆದ್ದರಿಂದ ಕಟ್ಟಿದ ಹಣ ಪೂರ್ತಿ ಕೈಗೆ ಬರುವುದಿಲ್ಲ. ಹಿಂದೆ ಕೆಲವು ಕಂಪನಿಗಳು ಬೈಔಟ್ ಮೊತ್ತದ ಮೇಲೆ ಜಿಎಸ್‌ಟಿಯನ್ನೂ ವಸೂಲು ಮಾಡುತ್ತಿದ್ದವು. 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಪರೋಕ್ಷ ತೆರಿಗೆಗಳ ಕೇಂದ್ರ ಮಂಡಳಿಯೇ ಇದಕ್ಕೆ ಜಿಎಸ್‌ಟಿ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಿದೆ. ಈಗಲೂ ಯಾರಾದರೂ ಲೆಕ್ಕದಲ್ಲಿ ಸೇರಿಸಿದರೆ ಆ ಸುತ್ತೋಲೆಯನ್ನು ನೆನಪಿಸಿ.

ಬೈಔಟ್ ನಿಮ್ಮ ಆಯ್ಕೆ ಎಂದು ಷರತ್ತಿನಲ್ಲಿದ್ದರೆ ಪತ್ರ ತಿಳಿಸುವ ಧಾಟಿಯಲ್ಲೇ ಇರಲಿ:

> ನನ್ನ ಕೊನೆಯ ಕೆಲಸದ ದಿನ ನವೆಂಬರ್ 28. ಷರತ್ತು 7ರ ಪ್ರಕಾರ ಉಳಿದ 19 ದಿನಗಳ ನೋಟಿಸ್‌ಗೆ ಬದಲಾಗಿ ಮೂಲ ವೇತನದ ಲೆಕ್ಕದಲ್ಲಿ 11,400 ರೂಪಾಯಿ ಪಾವತಿಸುತ್ತೇನೆ. ಇದನ್ನು ನನ್ನ ಅಂತಿಮ ಲೆಕ್ಕದಲ್ಲಿ ಹೊಂದಾಣಿಕೆ ಮಾಡಿಕೊಂಡು, ಬಾಕಿಯಿದ್ದರೆ ತಿಳಿಸಬೇಕು.

ಆಯ್ಕೆ ಕಂಪನಿಯದಾಗಿದ್ದರೆ, ಹಿಂದಿನ ಮಾದರಿಯಂತೆ ಮೊದಲು ಪೂರ್ತಿ ನೋಟಿಸ್, ನಂತರ ಬೇರೆ ಪ್ಯಾರಾದಲ್ಲಿ "ಉಳಿದ ದಿನಗಳ ವೇತನ ಪಾವತಿಸಿ ಬಿಡುಗಡೆ ಪಡೆಯಲು ಒಪ್ಪಿಗೆ ನೀಡಬೇಕೆಂದು ವಿನಂತಿ" ಎಂದು ಬರೆಯಿರಿ. ಎರಡರಲ್ಲೂ ಮೊತ್ತವನ್ನು ನೀವೇ ಲೆಕ್ಕ ಹಾಕಿ ಬರೆಯುವುದು ಲೇಸು. ಮೊದಲು ಕಾಗದಕ್ಕೆ ಬಿದ್ದ ಅಂಕಿಯ ಸುತ್ತಲೇ ಮುಂದಿನ ಮಾತುಕತೆ ನಡೆಯುತ್ತದೆ.

ನನ್ನ ಸಲಹೆ ಕೇಳಿದರೆ, ಕೇಳುವ ದಾರಿಯನ್ನೂ ಕಟ್ಟುವ ದಾರಿಯನ್ನೂ ಒಂದೇ ಪತ್ರದಲ್ಲಿ ಮುಂದಿಡಬಾರದು. "ಮನ್ನಾ ಮಾಡಿ, ಇಲ್ಲವಾದರೆ ಹಣ ಕಟ್ಟುತ್ತೇನೆ" ಎಂದು ಬರೆದ ಮೇಲೆ ಮನ್ನಾ ಮಾಡಲು ಅವರಿಗೆ ಏನು ಕಾರಣ ಉಳಿಯಿತು? ಮೊದಲು ಮನ್ನಾ ಕೇಳಿ. ಇಲ್ಲವೆಂದು ಲಿಖಿತ ಉತ್ತರ ಬಂದ ಮೇಲೆ ಹಣದ ಮಾತು ತೆಗೆಯಿರಿ.

ರಜೆಯನ್ನು ನೋಟಿಸ್‌ಗೆ ಹೊಂದಿಸುವುದು ಹೇಳಲಷ್ಟೇ ನಾಲ್ಕನೆಯ ದಾರಿ. ಪ್ರೊಬೇಷನ್‌ನಲ್ಲಿ ಗಳಿಕೆ ರಜೆ ಬಳಸಲು ಬಿಡದ ಕಂಪನಿಗಳೇ ಹೆಚ್ಚು, ಖಾತೆಯಲ್ಲಿ ಐದಾರು ದಿನ ಇದ್ದರೂ ದೊಡ್ಡದು. ನಿಯಮದಲ್ಲಿ ಅವಕಾಶವಿದ್ದರೆ ವಿನಂತಿಯ ಪ್ಯಾರಾಕ್ಕೆ ಒಂದು ಸಾಲು ಸೇರಿಸಿ, ಅಷ್ಟು ಸಾಕು.

ಹೇಳದೆ ನಿಂತುಬಿಡುವುದು

ಇದನ್ನು ದಾರಿ ಎನ್ನಲು ಮನಸ್ಸಿಲ್ಲ, ಆದರೆ ಆರಿಸಿಕೊಳ್ಳುವವರು ಇರುವುದರಿಂದ ಹೋಲಿಕೆಗೆ ತರಲೇಬೇಕು. "ಐದು ತಿಂಗಳ ಕೆಲಸ ತಾನೆ, ಬಯೋಡೇಟಾದಲ್ಲಿ ತೋರಿಸದಿದ್ದರೆ ಆಯಿತು" ಎಂಬುದು ಅವರ ಲೆಕ್ಕ. ಆದರೆ ಪಿಎಫ್ ಕಡಿತವಾಗಿದ್ದರೆ ಆ ಐದು ತಿಂಗಳು ನಿಮ್ಮ ಯುಎಎನ್‌ಗೆ ಅಂಟಿಕೊಂಡಿರುತ್ತವೆ. ಹೊಸ ಕಂಪನಿ ಅದೇ ಸಂಖ್ಯೆಗೆ ಹಣ ಕಟ್ಟಲು ಹೋದಾಗ ಹಿಂದಿನ ನೌಕರಿ ಕಾಣುತ್ತದೆ, ಬಿಟ್ಟ ತಾರೀಖು ಖಾಲಿ ಇರುವುದೂ ಕಾಣುತ್ತದೆ. ಹಿನ್ನೆಲೆ ಪರಿಶೀಲನೆಯವರು ಹಿಡಿಯುವುದು ಇದನ್ನೇ. ಹಣದ ಲೆಕ್ಕದಲ್ಲೂ ಇದು ಅಗ್ಗವಲ್ಲ: ಕೊನೆಯ ತಿಂಗಳ ಸಂಬಳವನ್ನು ನೋಟಿಸ್ ಬಾಕಿಗೆ ಹಿಡಿದುಕೊಳ್ಳುತ್ತಾರೆ, ಬಿಡುಗಡೆ ಪತ್ರವೂ ಸಿಗುವುದಿಲ್ಲ. ಹಣ ಹೋಗುವುದೇ ಆದರೆ ಬೈಔಟ್ ಮಾಡಿ ಕಾಗದವನ್ನಾದರೂ ಪಡೆಯಬಹುದಿತ್ತು.

ಕಾನೂನಿನ ಬಲ ಎಲ್ಲಿಯವರೆಗೆ

ನೋಟಿಸ್ ಮುಗಿಸದಿದ್ದರೆ ಪೊಲೀಸರು ಬರುತ್ತಾರೆ ಎಂದು ಹೆದರಿಸುವವರಿದ್ದಾರೆ. ಬಲವಂತವಾಗಿ ಕೆಲಸ ಮಾಡಿಸುವ ಆದೇಶವನ್ನು ನ್ಯಾಯಾಲಯಗಳು ಕೊಡುವುದಿಲ್ಲ. ಕಂಪನಿಯ ಕೈಯಲ್ಲಿರುವುದು ಹಣದ ಹಕ್ಕು ಮಾತ್ರ, ಅದೂ ಒಪ್ಪಂದ ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯಸಮ್ಮತ ಪರಿಹಾರದ ಮಿತಿಯೊಳಗೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ 39ನೇ ಕಲಂ ಹೇಳುವ ಒಂದು ತಿಂಗಳ ನೋಟಿಸ್, ಆರು ತಿಂಗಳು ನಿರಂತರ ಸೇವೆ ಸಲ್ಲಿಸಿದವರನ್ನು ಮಾಲೀಕರು ತೆಗೆಯುವಾಗ ಪಾಲಿಸಬೇಕಾದದ್ದು. ಅದನ್ನು ನಿಮ್ಮ ರಾಜೀನಾಮೆಯ ವಿರುದ್ಧ ತೋರಿಸಿದರೆ ಒಪ್ಪಬೇಕಿಲ್ಲ. ನಿಮ್ಮನ್ನು ಕಟ್ಟುವುದು ನೇಮಕಾತಿ ಪತ್ರ.

ಹಾಗೆಂದು ಸಹಿ ಹಾಕಿದ ಹಣದ ಷರತ್ತನ್ನು ಹಗುರವಾಗಿ ಕಾಣುವಂತಿಲ್ಲ. ಬೆಂಗಳೂರು ಕೇಂದ್ರಕಚೇರಿಯಾಗಿದ್ದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಪೂರೈಸದೆ ಬಿಟ್ಟದ್ದಕ್ಕೆ ಎರಡು ಲಕ್ಷ ರೂಪಾಯಿ ಕಟ್ಟಬೇಕಾಗಿ ಬಂದಿತ್ತು. ಆ ಷರತ್ತು ಸಿಂಧುವಲ್ಲ ಎಂದು ಕರ್ನಾಟಕ ಹೈಕೋರ್ಟ್ ಹೇಳಿದ್ದರೂ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದ್ದರಿಂದ ನೋಟಿಸ್ ಜೊತೆಗೆ ತರಬೇತಿ ಬಾಂಡ್ ಅಥವಾ ಸೇರ್ಪಡೆ ಬೋನಸ್ ವಾಪಸಾತಿಯ ಸಾಲು ಇದೆಯೇ ಎಂದು ನೋಡಿ. ನೋಟಿಸ್ ಕಡಿಮೆಯಾದ ಮಾತ್ರಕ್ಕೆ ಆ ಸಾಲುಗಳು ಅಳಿಸಿಹೋಗುವುದಿಲ್ಲ. ಬೋನಸ್ ಕೈಗೆ ಬಂದದ್ದು ತೆರಿಗೆ ಕಳೆದು, ವಾಪಸು ಕೇಳುವುದು ತೆರಿಗೆ ಸೇರಿಸಿ. ಈ ವ್ಯತ್ಯಾಸ ಅನೇಕರಿಗೆ ಕೊನೆಯ ದಿನ ಗೊತ್ತಾಗುತ್ತದೆ.

ಪತ್ರದಲ್ಲಿ ಇರಬಾರದವು

ಕಾರಣ ಬರೆಯಲೇಬೇಕೆಂಬ ನಿಯಮವಿಲ್ಲ. "ವೈಯಕ್ತಿಕ ಹಾಗೂ ವೃತ್ತಿ ಸಂಬಂಧಿ ಕಾರಣಗಳಿಂದ" ಎಂಬ ಒಂದು ತುಂಡು ಸಾಕು. ಬೇಗ ಬಿಡಿಸಿಕೊಳ್ಳಲು ಇಲ್ಲದ ಕಾಯಿಲೆ ಬರೆದರೆ ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲವೇ "ರಜೆ ತೆಗೆದುಕೊಳ್ಳಿ, ಗುಣವಾದ ಮೇಲೆ ಬನ್ನಿ" ಎನ್ನುತ್ತಾರೆ. ಉನ್ನತ ಶಿಕ್ಷಣ ಎಂದು ಬರೆದು ಮರುವಾರವೇ ಹೊಸ ಕಂಪನಿಯಲ್ಲಿ ಪಿಎಫ್ ಶುರುವಾದರೆ, ಮುಂದೆ ಪರಿಶೀಲನೆಗೆ ಕರೆ ಬಂದಾಗ ಹಳೆಯ ಎಚ್‌ಆರ್ ಏನು ಹೇಳುತ್ತಾರೋ ಹೇಳಲಾಗದು. ಮ್ಯಾನೇಜರ್ ಮೇಲಿನ ಸಿಟ್ಟಿಗೂ ಈ ಪತ್ರ ಜಾಗವಲ್ಲ. ನೋಟಿಸ್ ಮನ್ನಾ ಮಾಡುವ ಪೆನ್ನು ಅವರ ಕೈಯಲ್ಲೇ ಇರುತ್ತದೆ. ನಿಜವಾದ ದೂರಿದ್ದರೆ ಬೇರೆ ಪತ್ರದಲ್ಲಿ, ಬೇರೆ ದಿನ ಬರೆಯಿರಿ.

"ತಕ್ಷಣದಿಂದ ಜಾರಿಗೆ ಬರುವಂತೆ" ಎಂಬ ಮಾತು ಎಲ್ಲೆಲ್ಲಿಂದಲೋ ನಕಲಾಗಿ ಬರುತ್ತದೆ. ನೋಟಿಸ್ ಇಲ್ಲದೆ ಹೊರಡುವ ಅವಕಾಶ ಷರತ್ತಿನಲ್ಲಿ ಇಲ್ಲದಿದ್ದರೆ ಅದನ್ನು ಬಳಸಬೇಡಿ. "ಸಾಧ್ಯವಾದಷ್ಟು ಬೇಗ" ಕೂಡ ಬೇಡ, ಅದಕ್ಕೆ ಅವರಿಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ. ಕಂಪನಿಯ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುವುದಾದರೆ ಮೇಲಿನ ಮಾದರಿಗಳನ್ನು ಅದೇ ಸರದಿಯಲ್ಲಿ ಇಂಗ್ಲಿಷಿಗೆ ಇಳಿಸಿ. ಮೊದಲು ರಾಜೀನಾಮೆ, ಷರತ್ತು, ತಾರೀಖು. ನಂತರ ವಿನಂತಿ. ಈ ಸರದಿ ಕೆಡಬಾರದು.

ಕಳುಹಿಸಿದ ಮೇಲೆ

ಈಗ ಹೆಚ್ಚಿನ ಕಚೇರಿಗಳಲ್ಲಿ ರಾಜೀನಾಮೆ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ಅದು ಕೊನೆಯ ದಿನವನ್ನು ತಾನೇ ಲೆಕ್ಕ ಹಾಕಿ ತೋರಿಸುತ್ತದೆ, ಎಷ್ಟೋ ಕಡೆ ಖಾಯಂ ನೌಕರರ ಅರವತ್ತು ದಿನವನ್ನೇ ಹಿಡಿದು. ಆ ತಾರೀಖನ್ನು ನೋಡಿಯೂ ಗುಂಡಿ ಒತ್ತಿದರೆ ನೀವು ಒಪ್ಪಿದಂತೆ ಎಂದು ವಾದಿಸುತ್ತಾರೆ. ಟಿಪ್ಪಣಿಯ ಜಾಗದಲ್ಲಿ ನಿಮ್ಮ ತಾರೀಖು, ಷರತ್ತಿನ ಸಂಖ್ಯೆ ಬರೆಯಿರಿ. ಅದೇ ದಿನ ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರಿಗೂ ಮೇಲ್ ಕಳುಹಿಸಿ, ನಿಮ್ಮ ಸ್ವಂತ ಮೇಲ್ ವಿಳಾಸಕ್ಕೂ ಒಂದು ಪ್ರತಿ ಹೋಗಲಿ. ಕಚೇರಿಯ ಖಾತೆ ಯಾವ ಗಳಿಗೆಯಲ್ಲಾದರೂ ಮುಚ್ಚಬಹುದು.

ಮ್ಯಾನೇಜರ್ ಬಾಗಿಲಲ್ಲಿ ನಿಂತು "ಆಗಲಿ, ನೋಡೋಣ" ಎಂದರೆ ಅದು ಒಪ್ಪಿಗೆಯಲ್ಲ. ಅಂದೇ ಸಂಜೆ ಎರಡು ಸಾಲು ಬರೆಯಿರಿ:

> ಇಂದು ಮಾತನಾಡಿದಂತೆ, ಡಿಸೆಂಬರ್ 5ರಂದು ನನ್ನನ್ನು ಬಿಡುಗಡೆ ಮಾಡಲು ಮತ್ತು ಉಳಿದ 12 ದಿನಗಳ ನೋಟಿಸನ್ನು ವೇತನ ಕಡಿತವಿಲ್ಲದೆ ಮನ್ನಾ ಮಾಡಲು ತಾವು ಒಪ್ಪಿದ್ದೀರಿ ಎಂದು ತಿಳಿದಿದ್ದೇನೆ. ಇದರಲ್ಲಿ ತಿದ್ದುಪಡಿಯಿದ್ದರೆ ನಾಳೆಯೊಳಗೆ ತಿಳಿಸಬೇಕು.

ಒಪ್ಪಿಗೆಯ ಉತ್ತರದಲ್ಲಿ ಬಿಡುಗಡೆಯ ತಾರೀಖು, ಮನ್ನಾ ಅಥವಾ ಕಡಿತದ ಮೊತ್ತ ಮತ್ತು ಬಿಡುಗಡೆ ಪತ್ರ ಕೊಡುವ ಮಾತು, ಈ ಮೂರೂ ಇವೆಯೇ ನೋಡಿ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿರುವ ಸಂಸ್ಥೆಯಾದರೆ ಅವನ್ನು ಹಿಂದಿರುಗಿಸುವ ದಿನವನ್ನೂ ಬರೆಸಿಕೊಳ್ಳಿ. ಹೊಸ ಕಂಪನಿಗೆ ಸೇರುವ ತಾರೀಖನ್ನು ಖಚಿತಪಡಿಸುವುದು ಈ ಉತ್ತರ ಬಂದ ಮೇಲೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 17ನೇ ಕಲಂ ಪ್ರಕಾರ, ರಾಜೀನಾಮೆ ನೀಡಿದವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಹಳೆಯ ರೂಢಿಯ ಕಚೇರಿಗಳು ಈಗಲೂ ತಿಂಗಳು, ಒಂದೂವರೆ ತಿಂಗಳು ಎನ್ನುತ್ತವೆ. ಹಣ ತಡವಾದರೆ ನೆನಪಿನ ಮೇಲ್‌ನಲ್ಲಿ ಈ ಕಲಂ ಉಲ್ಲೇಖಿಸಿ. ಬಿಟ್ಟು ತಿಂಗಳಾದ ಮೇಲೆ ಇಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ತಾರೀಖು ಸೇರಿದೆಯೇ ಎಂದು ನೋಡಿ. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದರೂ ಕಂಪನಿ ಹಾಕದಿದ್ದರೆ, Manage ಪಟ್ಟಿಯಲ್ಲಿರುವ Mark Exit ಮೂಲಕ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು. ಅಲ್ಲಿ ನಮೂದಿಸುವ ತಾರೀಖು ಬಿಡುಗಡೆ ಪತ್ರದಲ್ಲಿರುವುದೇ ಆಗಿರಲಿ. ಒಮ್ಮೆ ಹಾಕಿದ್ದನ್ನು ಆಮೇಲೆ ತಿದ್ದಿಸುವ ತಾಪತ್ರಯ ಬೇಡ.